ಗಾಳಿಪಟ ಮೇಲೇರೋದು ಸೂತ್ರದ ಗಂಟಲ್ಲಿ: ಗಾಳಿ, ಓರೆ, ಒತ್ತಡ ಅರ್ಥ ಮಾಡ್ಕೊಂಡು ಪಟ ಏರಿಸೋದು ಹೇಗೆ

ಆಷಾಢ ಬಂತು ಅಂದ್ರೆ ನಮ್ಮ ಚಿತ್ರದುರ್ಗದಲ್ಲಿ ಗಾಳಿ ಹೆಂಗಿರುತ್ತೆ ಅಂತ ಇಲ್ಲಿಯವರಿಗೆ ಹೇಳೋದೇ ಬೇಡ, ಒಣಗಾಕಿದ ಪಂಚೆ ಪಕ್ಕದ ಮನೆ ತಾರಸಿ ಸೇರಿರುತ್ತೆ, ಜೋಗಿಮಟ್ಟಿ ಗುಡ್ಡದ ಮೇಲಿನ ಗಾಳಿ ಫ್ಯಾನ್‌ಗಳು ತಿರುಗ್ತಾನೇ ಇರ್ತವೆ. ಅಂಥಾ ಗಾಳಿಯಲ್ಲೂ ನಮ್ಮ ಅಕ್ಕನ ಮಗನ ಪಟ ಮೇಲೇರಲಿಲ್ಲ. ದಾರ ಜಗ್ಗುತ್ತೆ, ಕೈಯಲ್ಲಿ ಭಾರ ಗೊತ್ತಾಗುತ್ತೆ, ಆದ್ರೆ ಪಟ ಮಾತ್ರ ದೂರದಲ್ಲಿ ಕೆಳಗೇ ನಿಂತ್ಕೊಂಡು ಅಲ್ಲಾಡ್ತಿತ್ತು. ಅವನು ಗಾಳಿ ಸಾಲ್ತಿಲ್ಲ ಅಂದ, ನಾನು ಸೂತ್ರ, ಅಂದ್ರೆ ಪಟದ ಕಡ್ಡಿಗೆ ಎರಡು ಕಡೆ ಕಟ್ಟಿ ಹಾರಿಸೋ ದಾರಕ್ಕೆ ಸೇರಿಸೋ ಎಳೆ, ನೋಡೋಣ ತಾ ಅಂದೆ.

ಸೂತ್ರ ಬಿಚ್ಚಿ ಕಟ್ಟೋವಾಗ ಅವನು ಒಂದು ಪ್ರಶ್ನೆ ಕೇಳಿದ, ಈ ಬರಹ ಬರೆಯೋಕೆ ಆ ಪ್ರಶ್ನೆನೇ ಕಾರಣ. "ಮಾಮ, ವಿಮಾನದ ರೆಕ್ಕೆ ಮೇಲ್ಗಡೆ ಉಬ್ಬಿರುತ್ತೆ, ಮೇಲಿನ ಗಾಳಿಗೆ ದಾರಿ ಜಾಸ್ತಿ, ಅದಕ್ಕೆ ಜೋರಾಗಿ ಓಡಿ ಕೆಳಗಿನ ಗಾಳಿ ಜತೆಗೇ ಹಿಂದೆ ಸೇರ್ಕೊಳ್ಳುತ್ತೆ, ಅದಕ್ಕೇ ಏರುತ್ತೆ ಅಂತ ಓದಿದೀನಿ. ಪಟ ಬರೀ ಪೇಪರ್ ಐತಲ್ಲ, ಇದು ಹೆಂಗೆ ಏರುತ್ತೆ?"

ಪ್ರಶ್ನೆ ಸರಿಯಾಗೇ ಇದೆ. ಪೇಪರಿನ ಮೇಲ್ಮೈ ಕೆಳಮೈ ಎರಡೂ ಒಂದೇ ಹಾಳೆಯದು, ಉದ್ದ ಒಂದೇ, ಆದ್ರೂ ಪಟ ಹಾರುತ್ತೆ. ಅಂದ್ಮೇಲೆ "ದಾರಿ ಜಾಸ್ತಿ" ಅನ್ನೋ ಕಥೆಯಲ್ಲೇ ತಪ್ಪಿದೆ. ಮೇಲೆ ಹೋದ ಗಾಳಿ, ಕೆಳಗೆ ಹೋದ ಗಾಳಿ ಎರಡೂ ಒಂದೇ ಟೈಮಿಗೆ ಹಿಂದೆ ಸೇರಬೇಕು ಅಂತ ಯಾವ ನಿಯಮನೂ ಇಲ್ಲ, ನಿಜವಾದ ರೆಕ್ಕೆಯಲ್ಲಿ ಮೇಲಿನ ಗಾಳಿ ಕೆಳಗಿನದಕ್ಕಿಂತ ಮೊದಲೇ ಹಿಂದಿನ ಅಂಚು ದಾಟಿರುತ್ತೆ. ತಲೆಕೆಳಗಾಗಿ ಹಾರೋ ವಿಮಾನಗಳೂ ಇವೆ, ಆಗ ಉಬ್ಬು ಕೆಳಗಡೆ ಇರುತ್ತೆ, ಆದ್ರೂ ಬೀಳಲ್ಲ. ಇದನ್ನ ದಯವಿಟ್ಟು ಮಕ್ಕಳಿಗೆ ಹೀಗೇ ಹೇಳಿಕೊಡಿ, ಯಾಕಂದ್ರೆ ಆ ತಪ್ಪು ಕಥೆ ನಂಬಿದ್ರೆ ಸೂತ್ರ ಯಾಕೆ ಕಟ್ಟಬೇಕು ಅನ್ನೋದೇ ಅರ್ಥ ಆಗಲ್ಲ.

ಮೊದಲು ಪಟ ಹಿಡ್ಕೊಂಡು ಗಾಳಿ ಏನು ಮಾಡುತ್ತೆ ನೋಡೋಣ

ಪಟನ ಗಾಳಿಗೆ ಸ್ವಲ್ಪ ಓರೆಯಾಗಿ ಹಿಡೀರಿ, ಮೂತಿ ಮೇಲೆ, ಬಾಲ ಕೆಳಗೆ, ಹೊಟ್ಟೆ ಗಾಳಿ ಬರೋ ಕಡೆಗೆ. ಗಾಳಿ ಬರೋ ದಿಕ್ಕಿಗೂ ಪಟದ ಮೈಗೂ ನಡುವೆ ಇರೋ ಓರೆನೇ ಆ್ಯಂಗಲ್ ಆಫ್ ಅಟ್ಯಾಕ್, ನಾನು ಮುಂದೆ ಬರೀ "ಓರೆ" ಅಂತೀನಿ. ಗಾಳಿ ನೆಲಕ್ಕೆ ಸಮವಾಗಿ ಬೀಸ್ತಿದ್ರೆ ಲೆಕ್ಕ ಸುಲಭ, ಪಟ ಮಟ್ಟಸವಾಗಿ ಮಲಗಿದ್ರೆ ಓರೆ 0 ಡಿಗ್ರಿ, ಗೋಡೆ ತರ ನೆಟ್ಟಗೆ ನಿಂತಿದ್ರೆ 90.

ಕೆಳಗಡೆ ಏನಾಗುತ್ತೆ ಅನ್ನೋದು ಕೈಗೇ ಗೊತ್ತಾಗುತ್ತೆ, ಗಾಳಿ ಹೊಟ್ಟೆಗೆ ಬಡಿದು ನಿಧಾನ ಆಗುತ್ತೆ, ಅಲ್ಲಿ ಒತ್ತಡ ಸ್ವಲ್ಪ ಏರುತ್ತೆ. ಮೇಲ್ಗಡೆದು ಕಣ್ಣಿಗೆ ಕಾಣಲ್ಲ, ಅದನ್ನ ಯೋಚನೆ ಮಾಡಿನೇ ಹಿಡೀಬೇಕು. ಮುಂದಿನ ಅಂಚು ದಾಟಿದ ಗಾಳಿ ನೆಟ್ಟಗೆ ಹೋಗದೆ ಪಟದ ಬೆನ್ನು ಹಿಡ್ಕೊಂಡು ಕೆಳಕ್ಕೆ ಬಾಗುತ್ತೆ. ಬಾಗಬೇಕು ಅಂದ್ರೆ ಯಾರಾದ್ರೂ ತಳ್ಳಬೇಕಲ್ಲ, ದಾರಕ್ಕೆ ಕಲ್ಲು ಕಟ್ಟಿ ತಿರುಗಿಸಿದ್ರೆ ದಾರ ಅದನ್ನ ಒಳಕ್ಕೆ ಎಳೀತಾನೇ ಇರುತ್ತೆ, ಇಲ್ಲಿ ದಾರ ಇಲ್ಲ, ಆ ಕೆಲಸ ಮಾಡೋದು ಒತ್ತಡದ ವ್ಯತ್ಯಾಸ. ಪಟದಿಂದ ದೂರದಲ್ಲಿ ಮಾಮೂಲಿ ಒತ್ತಡ ಇರುತ್ತೆ, ಬೆನ್ನಿನ ಹತ್ತಿರ ಅದಕ್ಕಿಂತ ಕಡಿಮೆ ಆದಾಗ ಮಾತ್ರ ಗಾಳಿ ಒಳಕ್ಕೆ ಬಾಗೋಕೆ ಸಾಧ್ಯ. ಆ ಕಡಿಮೆ ಒತ್ತಡದ ಜಾಗಕ್ಕೆ ನುಗ್ಗೋ ಗಾಳಿನೇ ವೇಗ ಪಡ್ಕೊಳ್ಳುತ್ತೆ. ಬರ್ನೌಲಿ ಹೇಳಿದ್ದು ಇಲ್ಲಿ ತಪ್ಪಲ್ಲ, ಒತ್ತಡ ಕಡಿಮೆ ಇರೋ ಕಡೆ ವೇಗ ಜಾಸ್ತಿ ಅನ್ನೋದು ನಿಜ, ತಪ್ಪಾಗಿರೋದು "ದಾರಿ ಉದ್ದ ಅದಕ್ಕೆ ವೇಗ" ಅಂತ ಕೊಟ್ಟ ಕಾರಣ.

ಕೆಳಗೆ ಸ್ವಲ್ಪ ಜಾಸ್ತಿ ಒತ್ತಡ, ಮೇಲೆ ಸ್ವಲ್ಪ ಕಡಿಮೆ, ಈ ವ್ಯತ್ಯಾಸನೇ ಪಟನ ಎತ್ತೋದು. ಇದೇ ಮಾತನ್ನ ಇನ್ನೊಂದು ಕಡೆಯಿಂದ ಹೇಳಬಹುದು, ಪಟ ಗಾಳಿನ ಕೆಳಕ್ಕೆ ತಿರುಗಿಸುತ್ತೆ, ಗಾಳಿ ಪಟನ ಮೇಲಕ್ಕೆ ತಳ್ಳುತ್ತೆ, ನ್ಯೂಟನ್ನಿನ ಮೂರನೇ ನಿಯಮ. ಇವೆರಡರಲ್ಲಿ ಯಾವುದು ಸರಿ ಅಂತ ಜನ ಜಗಳ ಆಡ್ತಾರೆ, ಆದ್ರೆ ಎರಡೂ ಒಂದೇ ಘಟನೆ, ಒಂದು ಕಡೆ ಪಟದ ಮೈ ಮೇಲಿನ ಲೆಕ್ಕ, ಇನ್ನೊಂದು ಕಡೆ ಗಾಳಿಯ ಲೆಕ್ಕ.

ಓರೆ ಜಾಸ್ತಿ ಆದ್ರೆ ಏನಾಗುತ್ತೆ: ಟೇಬಲ್ ಫ್ಯಾನ್ ಮುಂದೆ ನೋಡಿ

ಇದನ್ನ ಮಾತ್ರ ಓದಿ ಬಿಡಬೇಡಿ, ಹತ್ತು ನಿಮಿಷದ ಕೆಲಸ. ನೋಟ್‌ಬುಕ್ ರಟ್ಟಿನಷ್ಟು ದೊಡ್ಡ ರಟ್ಟು ತಗೊಳ್ಳಿ, ಒಂದು ಬದಿಗೆ ತೆಳ್ಳಗಿನ ಉಣ್ಣೆ ಎಳೆಗಳನ್ನ ಎರಡು ಇಂಚು ಉದ್ದಕ್ಕೆ ಕತ್ತರಿಸಿ, ಮೂರು ಸಾಲಾಗಿ, ಒಂದು ತುದಿ ಮಾತ್ರ ಸೆಲ್ಲೋಟೇಪಿನಲ್ಲಿ ಅಂಟಿಸಿ. ಟೇಬಲ್ ಫ್ಯಾನಿಂದ ನಾಲ್ಕೈದು ಅಡಿ ದೂರ ನಿಂತು, ಎಳೆ ಇರೋ ಬದಿ ಮೇಲೆ ಬರೋ ಹಾಗೆ ರಟ್ಟನ್ನ ಮೊದಲು ಗಾಳಿಗೆ ಮಟ್ಟಸವಾಗಿ ಹಿಡಿದು, ಆಮೇಲೆ ಮುಂದಿನ ಅಂಚನ್ನ ನಿಧಾನವಾಗಿ ಎತ್ತುತ್ತಾ ಹೋಗಿ.

ಮೊದಮೊದಲು ಎಳೆಗಳೆಲ್ಲ ಬಾಚಿದ ಕೂದಲಿನ ತರ ಹಿಂದಕ್ಕೆ ಮಲಗಿರ್ತವೆ. ಸ್ವಲ್ಪ ಎತ್ತಿದ ತಕ್ಷಣ ಮುಂದಿನ ಸಾಲು ನಡುಗೋಕೆ ಶುರು ಆಗುತ್ತೆ, ಯಾಕಂದ್ರೆ ರಟ್ಟಿನ ಅಂಚು ಚೂಪು, ಗಾಳಿ ಅಲ್ಲಿ ಮೈ ಬಿಟ್ಟು ಸ್ವಲ್ಪ ಮುಂದೆ ಹೋಗಿ ಮತ್ತೆ ಅಂಟ್ಕೊಳ್ಳುತ್ತೆ. ಇನ್ನೂ ಎತ್ತಿದ್ರೆ ರಟ್ಟು ಕೈಯನ್ನ ಮೇಲಕ್ಕೆ ಎತ್ತೋದು ಚೆನ್ನಾಗಿ ಗೊತ್ತಾಗುತ್ತೆ. ಅಲ್ಲಿಂದಲೂ ಎತ್ತುತ್ತಾ ಹೋದ್ರೆ ಒಂದು ಹಂತದಲ್ಲಿ ಎಳೆಗಳು ಎದ್ದು ನಿಂತು, ಕೆಲವು ಉಲ್ಟಾ ಫ್ಯಾನ್ ಕಡೆಗೇ ತಿರುಗಿ ಕುಣೀತವೆ. ಆಗ ಬೆನ್ನ ಮೇಲಿನ ಗಾಳಿ ಮೈ ಹಿಡಿದು ಬಾಗ್ತಿಲ್ಲ, ಬಿಟ್ಟು ಸುಳಿ ಸುತ್ತುತ್ತಿದೆ ಅಂತ ಅರ್ಥ, ಇದಕ್ಕೇ ಸ್ಟಾಲ್ ಅನ್ನೋದು. ಕೈಗೆ ಏನು ಗೊತ್ತಾಗುತ್ತೆ ಗಮನಿಸಿ: ರಟ್ಟು ಮೇಲಕ್ಕೆ ಎತ್ತೋದು ಕಮ್ಮಿ ಆಗಿ ಹಿಂದಕ್ಕೆ ತಳ್ಳೋದು ಜಾಸ್ತಿ ಆಗುತ್ತೆ. ಮೇಲಕ್ಕೆ ಎತ್ತೋ ಬಲ ಲಿಫ್ಟ್, ಗಾಳಿ ಹೋಗೋ ಕಡೆಗೆ ತಳ್ಳೋ ಬಲ ಡ್ರ್ಯಾಗ್.

ವಿಮಾನದ ರೆಕ್ಕೆ ಸಾಮಾನ್ಯವಾಗಿ 15 ಡಿಗ್ರಿ ಆಸುಪಾಸಲ್ಲಿ ಸ್ಟಾಲ್ ಆಗುತ್ತೆ. ಪಟ ಗಿಡ್ಡ, ಅಗಲ, ಅದರ ಪಕ್ಕದ ಅಂಚುಗಳಿಂದ ಕೆಳಗಿನ ಗಾಳಿ ಸುರುಳಿ ಸುತ್ತಿಕೊಂಡು ಮೇಲಕ್ಕೆ ಬಂದು ಬೆನ್ನ ಮೇಲಿನ ಗಾಳಿನ ಅಂಟಿಸಿ ಇಟ್ಕೊಳ್ಳುತ್ತೆ, ಹಾಗಾಗಿ ಅದು 20 ಡಿಗ್ರಿಯಲ್ಲೂ ಚೆನ್ನಾಗಿ ಕೆಲಸ ಮಾಡುತ್ತೆ, ಸ್ಟಾಲ್ ಆದ್ರೂ ದಿಢೀರ್ ಅಂತ ಆಗಲ್ಲ, ನಿಧಾನಕ್ಕೆ ಆಗುತ್ತೆ. ಹುಡುಗನ ಪಟಕ್ಕೆ ಆಗಿದ್ದೂ ಇದೇ, ಬೀಳಲಿಲ್ಲ, ಆದ್ರೆ ಏರಲೂ ಇಲ್ಲ.

ಈಗ ಪಟ, ಅಳತೆ ಸಮೇತ

ದಿನಪತ್ರಿಕೆ ಹಾಳೆಯಿಂದ 42 ಸೆಂ.ಮೀ. ಚೌಕ ಕತ್ತರಿಸಿ. ಮೂಲೆಯಿಂದ ಮೂಲೆಗೆ 60 ಸೆಂ.ಮೀ. ಹತ್ರ ಬರುತ್ತೆ. ಸೀಳಿ ನುಣುಪು ಮಾಡಿದ ಬಿದಿರು ಕಡ್ಡಿ ಎರಡು ಬೇಕು, ನೆಟ್ಟಗಿನದು 60 ಸೆಂ.ಮೀ., ಬಿಲ್ಲಿನದು 74 ಸೆಂ.ಮೀ. ಬಿಲ್ಲಿನ ಕಡ್ಡಿನ ಬೆರಳ ಮೇಲೆ ಮಧ್ಯಕ್ಕೆ ಇಟ್ಟು ತೂಗಿ ನೋಡಿ, ಒಂದು ಕಡೆ ವಾಲಿದ್ರೆ ಆ ಕಡೆ ಹೆರೆದು ಸಮ ಮಾಡಿ, ಇದನ್ನ ಬಿಟ್ರೆ ಪಟ ಜೀವಮಾನ ಪೂರ್ತಿ ಒಂದೇ ಕಡೆಗೆ ತಿರುಗುತ್ತೆ. ಮೈದಾ ಅಂಟು ಸಾಕು. ನೆಟ್ಟಗಿನ ಕಡ್ಡಿ ಮೂತಿಯಿಂದ ಬಾಲಕ್ಕೆ, ಬಿಲ್ಲಿನದು ಎಡ ಮೂಲೆಯಿಂದ ಮೇಲಕ್ಕೆ ಬಾಗಿ ಬಲ ಮೂಲೆಗೆ, ಎರಡೂ ಕೂಡೋ ಜಾಗ ಮೂತಿಯಿಂದ 12 ಸೆಂ.ಮೀ. ಕೆಳಗೆ ಬರಬೇಕು. ಹಳೇ ಸೀರೆ ಅಂಚಿನ ಬಾಲಂಗೋಚಿ ಒಂದು ಮೀಟರ್ ಹಾಕಿ. ಎಲ್ಲ ಸೇರಿ 25 ಗ್ರಾಂ ಹತ್ರ ಬಂದ್ರೆ ಒಳ್ಳೇದು, 40 ದಾಟಿದ್ರೆ ಕಡ್ಡಿ ಇನ್ನೂ ಹೆರೀರಿ.

ಈ ಪಟನ ಎತ್ತೋಕೆ ಎಷ್ಟು ಗಾಳಿ ಬೇಕು ಅಂತ ಲೆಕ್ಕ ಹಾಕೋಣ. ವಿಮಾನಕ್ಕೆ ಬಳಸೋ ಸೂತ್ರನೇ ಇದು (ದಾರದ ಸೂತ್ರ ಅಲ್ಲ, ಗಣಿತದ ಸೂತ್ರ):

```
L = 0.5 × ρ × V² × S × CL
```

L ಅಂದ್ರೆ ಲಿಫ್ಟ್, ρ ಅಂದ್ರೆ ಗಾಳಿಯ ಸಾಂದ್ರತೆ, ದುರ್ಗ ಸಮುದ್ರ ಮಟ್ಟಕ್ಕಿಂತ 700 ಮೀಟರಿಗೂ ಮೇಲಿರೋದ್ರಿಂದ ಘನ ಮೀಟರಿಗೆ 1.1 ಕೆ.ಜಿ. ಅಂತ ಹಿಡೀಬಹುದು. V ಗಾಳಿ ವೇಗ, S ಪಟದ ವಿಸ್ತೀರ್ಣ, ನಮ್ಮದು 0.18 ಚದರ ಮೀಟರ್. CL ಅನ್ನೋದು ಆಕಾರ ಮತ್ತು ಓರೆ ಎರಡನ್ನೂ ನುಂಗಿಕೊಂಡಿರೋ ಸಂಖ್ಯೆ, ಇಂಥಾ ಪಟ 20 ಡಿಗ್ರಿ ಓರೆಯಲ್ಲಿದ್ರೆ ಅಂದಾಜು 0.7 ಹಿಡೀರಿ.

ಬೇವಿನ ಮರದ ಎಲೆ, ಸಣ್ಣ ರೆಂಬೆ ಬಿಡದೆ ಅಲ್ಲಾಡ್ತಿದ್ರೆ ಗಾಳಿ ಸೆಕೆಂಡಿಗೆ 4 ಮೀಟರ್ ಸುಮಾರು, ಅಂದ್ರೆ ಗಂಟೆಗೆ 14 ಕಿ.ಮೀ. ಹಾಕಿದ್ರೆ ಲಿಫ್ಟ್ 1.1 ನ್ಯೂಟನ್ ಬರುತ್ತೆ, 110 ಗ್ರಾಂ ತೂಕ ಎತ್ತೋಷ್ಟು. ಪಟ 25 ಗ್ರಾಂ, ಉಳಿದ 85 ಗ್ರಾಂ ದಾರ ಎಳೆಯೋಕೆ. ಗಾಳಿ ಅರ್ಧಕ್ಕೆ ಇಳಿದು 2 ಮೀಟರ್ ಆದ್ರೆ ಲಿಫ್ಟ್ ಅರ್ಧ ಆಗಲ್ಲ, ಕಾಲು ಭಾಗ ಆಗುತ್ತೆ, 28 ಗ್ರಾಂ, ಪಟದ ತೂಕಕ್ಕೇ ಸರಿಹೋಯ್ತು. ಗಾಳಿ 8 ಮೀಟರ್ ಆದ್ರೆ ನಾಲ್ಕು ಪಟ್ಟು, 440 ಗ್ರಾಂ, ಆಗ ಬಿಲ್ಲು ಬಾಗಿ ಪೇಪರ್ ಹರಿಯೋ ಭಯ. ವೇಗದ ವರ್ಗ ಅನ್ನೋದು ಇಷ್ಟು ದೊಡ್ಡ ವಿಷಯ, ಅದಕ್ಕೇ ಬೆಳಿಗ್ಗೆ ಏರದ ಪಟ ಮಧ್ಯಾಹ್ನ ದಾರ ಕಿತ್ಕೊಂಡು ಹೋಗೋದು.

ಈಗ ನನಗೆ ತುಂಬಾ ಇಷ್ಟವಾದ ಲೆಕ್ಕ. 1.1 ನ್ಯೂಟನ್ನನ್ನ 0.18 ಚದರ ಮೀಟರಿಗೆ ಹಂಚಿದ್ರೆ ಪಟದ ಹೊಟ್ಟೆಗೂ ಬೆನ್ನಿಗೂ ಇರೋ ಒತ್ತಡದ ವ್ಯತ್ಯಾಸ ಸರಾಸರಿ 6 ಪಾಸ್ಕಲ್. ನಮ್ಮೂರಲ್ಲಿ ಸುತ್ತಲಿನ ಗಾಳಿಯ ಒತ್ತಡನೇ ಸುಮಾರು 93,000 ಪಾಸ್ಕಲ್. 93,000ದಲ್ಲಿ 6! ನೀರಿನ ಲೆಕ್ಕದಲ್ಲಿ ಹೇಳಿದ್ರೆ ಅರ್ಧ ಮಿಲಿಮೀಟರಿಗಿಂತ ಸ್ವಲ್ಪ ಜಾಸ್ತಿ ಎತ್ತರದ ನೀರಿನ ಒತ್ತಡ. ನಿಂತ ಗಾಳಿಯಲ್ಲಿ ನಿಮ್ಮ ಮಂಡಿ ಹತ್ರ ಇರೋ ಒತ್ತಡಕ್ಕೂ ಸೊಂಟದಿಂದ ಒಂದು ಗೇಣು ಮೇಲಿನ ಒತ್ತಡಕ್ಕೂ ಇಷ್ಟೇ ವ್ಯತ್ಯಾಸ ಇರುತ್ತೆ. ಇಷ್ಟು ಚಿಕ್ಕ ವ್ಯತ್ಯಾಸ ಆದ್ರಿಂದ್ಲೇ ಪೇಪರಲ್ಲಿ ಒಂದು ತೂತು, ಒಂದು ಮಡಿಕೆ, ಸ್ವಲ್ಪ ಓರೆ ತಪ್ಪಿದ್ರೂ ಪಟಕ್ಕೆ ಗೊತ್ತಾಗಿಬಿಡುತ್ತೆ.

ಸೂತ್ರ ಕಟ್ಟೋದು: ಓರೆ ತೀರ್ಮಾನ ಆಗೋದೇ ಇಲ್ಲಿ

ವಿಮಾನದಲ್ಲಿ ಓರೆ ಬದಲಾಯಿಸೋಕೆ ಪೈಲಟ್ ಇದಾನೆ. ಪಟಕ್ಕೆ ಸೂತ್ರದ ಗಂಟೇ ಪೈಲಟ್. ಒಂದು ದಾರನ ಕಡ್ಡಿಗಳು ಕೂಡೋ ಜಾಗದಲ್ಲಿ (ಮೂತಿಯಿಂದ 12 ಸೆಂ.ಮೀ.) ಕಟ್ಟಿ, ಇನ್ನೊಂದು ತುದಿನ ಮೂತಿಯಿಂದ 45 ಸೆಂ.ಮೀ. ಕೆಳಗೆ ನೆಟ್ಟಗಿನ ಕಡ್ಡಿಗೆ ಕಟ್ಟಿ. ಪೇಪರಲ್ಲಿ ಕಡ್ಡಿಯ ಎರಡೂ ಪಕ್ಕ ಸೂಜಿಯಲ್ಲಿ ತೂತು ಮಾಡಿ ದಾರ ಹಾಯಿಸಿ, ಸೂತ್ರ ಹೊಟ್ಟೆ ಕಡೆಗೆ, ಅಂದ್ರೆ ನಿಮ್ಮ ಕಡೆಗೆ ಬರಬೇಕು. ಹಾರಿಸೋ ದಾರ ಸೇರೋ ಗಂಟು, ಮೇಲಿನ ಎಳೆ 18 ಸೆಂ.ಮೀ., ಕೆಳಗಿನ ಎಳೆ 27 ಸೆಂ.ಮೀ. ಇರೋ ಹಾಗೆ ಬರಲಿ. ಎಳೆ ಬಿಗಿ ಹಿಡಿದು ನೋಡಿದ್ರೆ ಗಂಟು ಮೂತಿಯಿಂದ 22 ಸೆಂ.ಮೀ. ಜಾಗಕ್ಕೆ ಎದುರಾಗಿ ನಿಲ್ಲುತ್ತೆ, ಪಟದ ಮಧ್ಯಕ್ಕಲ್ಲ.

ಮಧ್ಯಕ್ಕೆ ಯಾಕಲ್ಲ ಅಂದ್ರೆ ಗಾಳಿಯ ಬಲ ಪಟದ ಮೇಲೆ ಸಮನಾಗಿ ಹಂಚಿರಲ್ಲ. ಮುಂದಿನ ಅಂಚಿನ ಹತ್ರ ಜಾಸ್ತಿ, ಹಿಂದೆ ಕಮ್ಮಿ, ಹಾಗಾಗಿ ಎಲ್ಲ ಬಲ ಒಟ್ಟಾಗಿ ತಳ್ಳೋ ಬಿಂದು ಮಧ್ಯಕ್ಕಿಂತ ಮೇಲೆ ಇರುತ್ತೆ. ಓರೆ ಜಾಸ್ತಿ ಆದ್ರೆ ಆ ಬಿಂದು ಬಾಲದ ಕಡೆ ಸರಿಯುತ್ತೆ, 90 ಡಿಗ್ರಿಯಲ್ಲಿ ನಟ್ಟನಡುವೆ ಬಂದಿರುತ್ತೆ. ಇದು ನಮಗೆ ವರ ಇದ್ದ ಹಾಗೆ: ಗಾಳಿಯ ಹೊಡೆತಕ್ಕೆ ಮೂತಿ ಎದ್ದು ಓರೆ ಜಾಸ್ತಿ ಆಯ್ತು ಅನ್ಕೊಳ್ಳಿ, ಬಲ ಬಾಲದ ಕಡೆ ಸರಿದು ಬಾಲ ಎತ್ತುತ್ತೆ, ಮೂತಿ ತಾನೇ ಇಳಿಯುತ್ತೆ. ಗಂಟು ಸರಿ ಜಾಗದಲ್ಲಿದ್ರೆ ಪಟ ತನ್ನ ಓರೆನ ತಾನೇ ಕಾಯ್ಕೊಳ್ಳುತ್ತೆ.

ಗಂಟನ್ನ ಮೂತಿ ಕಡೆ ಸರಿಸಿದ್ರೆ ಮೇಲಿನ ಎಳೆ ಗಿಡ್ಡ ಆಗಿ ಪಟ ಮಲಗುತ್ತೆ, ಓರೆ ಕಮ್ಮಿ. ಬಾಲದ ಕಡೆ ಸರಿಸಿದ್ರೆ ಪಟ ನಿಲ್ಲುತ್ತೆ, ಓರೆ ಜಾಸ್ತಿ. ಸರಿಸೋದು ಒಂದು ಸಲಕ್ಕೆ ಅರ್ಧ ಸೆಂಟಿಮೀಟರ್ ಮಾತ್ರ, ಅದಕ್ಕಿಂತ ಜಾಸ್ತಿ ಬೇಡ, ಮತ್ತೆ ಗಂಟು ಜಾರೋ ಹಾಗಿದ್ರೆ ಬಿಚ್ಚಿ ಕಟ್ಟೋ ಕಷ್ಟ ಇರಲ್ಲ.

ಹಾರಿಸಿ, ದಾರದ ಕೋನ ಓದಿ

ಜಾಗ ಬಯಲಾಗಿರಬೇಕು. ಕೋಟೆ ಬಂಡೆಗಳ ಮರೆಯಲ್ಲಿ, ಮನೆ ಸಾಲಿನ ಹಿಂದೆ ಗಾಳಿ ಉರುಳಿ ಬರುತ್ತೆ, ಗಾಳಿಯ ದಿಕ್ಕೇ ಕ್ಷಣಕ್ಕೊಂದು ಆದ್ರೆ ಓರೆನೂ ಕ್ಷಣಕ್ಕೊಂದು, ಸೂತ್ರ ಎಷ್ಟು ಸರಿ ಇದ್ರೂ ಪ್ರಯೋಜನ ಇಲ್ಲ. ಕರೆಂಟ್ ತಂತಿ ಇರೋ ಕಡೆ ಬೇಡವೇ ಬೇಡ, ಮಾಂಜಾ ದಾರನೂ ಬೇಡ, ಹತ್ತಿ ದಾರ ಸಾಕು. ಓಡೋದೂ ಬೇಕಿಲ್ಲ, ಗಾಳಿಗೆ ಬೆನ್ನು ಮಾಡಿ ನಿಂತು, ಇನ್ನೊಬ್ಬರು 15 ಮೀಟರ್ ದೂರದಲ್ಲಿ ಪಟ ಎತ್ತಿ ಹಿಡಿದಿರಲಿ, ಗಾಳಿ ಬಂದಾಗ ದಾರ ಜಗ್ಗಿದ್ರೆ ಆಯ್ತು.

30 ಮೀಟರ್ ದಾರ ಬಿಟ್ಟು ಪಟ ಒಂದು ಕಡೆ ನಿಂತ ಮೇಲೆ ಜಾಮಿಟ್ರಿ ಬಾಕ್ಸಿನ ಕೋನಮಾಪಕಕ್ಕೆ ದಾರದಲ್ಲಿ ಕಲ್ಲು ಕಟ್ಟಿ ಇಳಿಬಿಟ್ಟು, ಅದರ ನೇರ ಅಂಚನ್ನ ಪಟದ ದಾರಕ್ಕೆ ಹೊಂದಿಸಿ ಹಿಡಿದ್ರೆ ದಾರ ನೆಲದಿಂದ ಎಷ್ಟು ಡಿಗ್ರಿ ಮೇಲಿದೆ ಅಂತ ಲೆಕ್ಕ ಸಿಗುತ್ತೆ. ಈ ಕೋನನೇ ಪಟದ ಆರೋಗ್ಯ. ದಾರದ ಎತ್ತರದ ಪಾಲನ್ನ ಕೊಡೋದು ಲಿಫ್ಟಿನಲ್ಲಿ ತೂಕ ಕಳೆದು ಉಳಿದದ್ದು, ಅಡ್ಡ ಪಾಲನ್ನ ಕೊಡೋದು ಡ್ರ್ಯಾಗ್. ನಮ್ಮ ಲೆಕ್ಕದಲ್ಲಿ 85 ಗ್ರಾಂ ಮೇಲಕ್ಕೆ, ಡ್ರ್ಯಾಗ್ ಬಾಲಂಗೋಚಿ ಸೇರಿ 60 ರಿಂದ 65 ಗ್ರಾಂ, ಅಂದ್ರೆ ದಾರ 50 ಡಿಗ್ರಿ ದಾಟಬೇಕು.

ಹುಡುಗನ ಪಟದಲ್ಲಿ ನಾನು ಮೊದಲು ಅಳೆದಾಗ 25 ಡಿಗ್ರಿ ಇತ್ತು. ಅವನು ಸೂತ್ರದ ಗಂಟನ್ನ ಪಟದ ನಟ್ಟನಡುವೆ, ಮೂತಿಯಿಂದ 30 ಸೆಂ.ಮೀ.ಗೆ ಎದುರು ಹಾಕಿದ್ದ, ಪಟ ಹೆಚ್ಚುಕಮ್ಮಿ ನಿಂತ್ಕೊಂಡೇ ಗಾಳಿ ತಗೋತಿತ್ತು. ಜಗ್ಗೋ ಬಲ ಮಾತ್ರ ಚೆನ್ನಾಗಿದ್ದ ಪಟಕ್ಕಿಂತ ಜಾಸ್ತಿನೇ, ಅದಕ್ಕೇ ಅವನಿಗೆ ಮೋಸ ಆಗಿದ್ದು, ಜೋರಾಗಿ ಎಳೀತಿದೆ ಅಂದ್ರೆ ಲಿಫ್ಟ್ ಚೆನ್ನಾಗಿದೆ ಅನ್ಕೊಂಡಿದ್ದ. ಎಳೀತಿದ್ದದ್ದು ಡ್ರ್ಯಾಗ್. ಬೆನ್ನ ಮೇಲಿನ ಗಾಳಿ ಬಿಟ್ಟುಹೋಗಿತ್ತು, ಫ್ಯಾನ್ ಮುಂದೆ ಕುಣಿದ ಉಣ್ಣೆ ಎಳೆಗಳ ಹಾಗೆ.

ಗಂಟನ್ನ 26ಕ್ಕೆ ತಂದ್ವಿ, ಕೋನ 40ರ ಹತ್ರ ಬಂತು. 23ಕ್ಕೆ ತಂದಾಗ ಪಟ ತಲೆ ಮೇಲೆ ಬರೋ ತರ ಏರಿತು, ಎಳೆತ ಮಾತ್ರ ಕಮ್ಮಿ ಆಯ್ತು, "ಮಾಮ ದಾರ ಸಡ್ಲ ಆಯ್ತಲ್ಲ" ಅಂತ ಅವನಿಗೆ ಗಾಬರಿ. ಕೋನ ನೋಡು ಅಂದೆ, 52. ಅವನಿಗೆ ಆಸೆ ಹತ್ತಿ ಇನ್ನೂ ಮೂತಿ ಕಡೆ ತಗೊಂಡ, 19ಕ್ಕೆ. ಈ ಸಲ ಪಟ ಏರಿ, ಪೇಪರ್ ಪಟಪಟ ಅಂತ ಹೊಡ್ಕೊಂಡು, ದಾರ ಜೋತು ಬಿದ್ದು, ಮೂತಿ ಕೆಳಗೆ ಮಾಡಿ ನೆಲಕ್ಕೆ ಕುಕ್ಕಿತು. ಓರೆ ತೀರಾ ಕಮ್ಮಿ ಆದಾಗ ಹೀಗೇ, ಹೊಟ್ಟೆಗೆ ಬಡಿಯೋ ಗಾಳಿ ಬೆನ್ನಿಗೆ ಬಡಿಯೋಕೆ ಶುರು ಆದ್ರೆ ಲಿಫ್ಟ್ ಕೆಳಮುಖ ಆಗುತ್ತೆ.

ಪಟ ಕೆಳಗೇ ನಿಂತು ಜೋರಾಗಿ ಎಳೆದ್ರೆ ಗಂಟು ಮೂತಿ ಕಡೆಗೆ, ಪಟಪಟ ಅಂದು ಮುಗ್ಗರಿಸಿದ್ರೆ ಬಾಲದ ಕಡೆಗೆ. ಒಂದೇ ಪಕ್ಕಕ್ಕೆ ಸುತ್ತು ಹೊಡೆದ್ರೆ ಸೂತ್ರ ಮುಟ್ಟಬೇಡಿ, ಅದು ಬಿಲ್ಲಿನ ತೂಕದ ತಪ್ಪು. ಎರಡೂ ಕಡೆ ತೂಗಾಡಿದ್ರೆ ಬಾಲಂಗೋಚಿ ಅರ್ಧ ಮೀಟರ್ ಜಾಸ್ತಿ ಮಾಡಿ, ಅದರ ಡ್ರ್ಯಾಗಿಂದ ದಾರದ ಕೋನ ಎರಡು ಮೂರು ಡಿಗ್ರಿ ಇಳಿಯಬಹುದು, ಅದನ್ನ ಒಪ್ಕೋಬೇಕು.

ಗಾಳಿ ಜೋರಾದ ದಿನ ನಾನು ಗಂಟನ್ನ ಬೇಕಂತಲೇ ಅರ್ಧ ಸೆಂಟಿಮೀಟರ್ ಮೂತಿ ಕಡೆ ಇಡ್ತೀನಿ, ಓರೆ ಕಮ್ಮಿ ಆದ್ರೆ CL ಕಮ್ಮಿ ಆಗಿ ಬಿಲ್ಲು ಉಳಿಯುತ್ತೆ, ಮೆತ್ತಗಿನ ಗಾಳಿ ದಿನ ಅಷ್ಟೇ ಬಾಲದ ಕಡೆ. ವಿಮಾನ ನಿಧಾನ ಆಗಿ ಇಳಿಯೋವಾಗ ಮೂತಿ ಎತ್ತಿ ಬರೋದನ್ನ ನೋಡಿರ್ತೀರಲ್ಲ, ವೇಗ ಕಮ್ಮಿ ಆಗಿದ್ದನ್ನ ಓರೆಯಲ್ಲಿ ತುಂಬಿಸ್ತಾ ಇರೋದು. 1900ರಲ್ಲಿ ರೈಟ್ ಸಹೋದರರೂ ಕಿಟಿ ಹಾಕ್ ಮರಳಲ್ಲಿ ತಮ್ಮ ಗ್ಲೈಡರನ್ನ ಮೊದಲು ಪಟದ ಹಾಗೆ ದಾರ ಕಟ್ಟಿ ಹಾರಿಸಿ, ಅದು ಎಷ್ಟು ಎಳೀತಿದೆ ಅಂತ ಅಳೆದ್ರು, ಲಿಫ್ಟ್ ಅವರ ಲೆಕ್ಕಕ್ಕಿಂತ ಕಮ್ಮಿ ಬಂತು, ಆಮೇಲೆ 1901ರಲ್ಲಿ ಸ್ವಂತ ವಿಂಡ್ ಟನಲ್ ಮಾಡಿ ಒಂದೊಂದು ರೆಕ್ಕೆ ಆಕಾರನೂ ಒಂದೊಂದು ಓರೆಯಲ್ಲಿ ಪರೀಕ್ಷೆ ಮಾಡಿದ್ರು.

ಹುಡುಗನ ಪಟ ಕುಕ್ಕಿ ಮೂತಿ ಹರಿದಿತ್ತು. ಮೈದಾ ಅಂಟಲ್ಲಿ ತೇಪೆ ಹಾಕಿ, ಗಂಟನ್ನ 22.5ಕ್ಕೆ ಕಟ್ಟಿ, ಜಾರದೇ ಇರ್ಲಿ ಅಂತ ಪಕ್ಕದಲ್ಲಿ ಸ್ಕೆಚ್ ಪೆನ್ನಲ್ಲಿ ಕೆಂಪು ಗುರುತು ಹಾಕಿದ. ಸಂಜೆ ಕತ್ತಲಾಗೋವರೆಗೂ ದಾರದ ತುದಿ ನೀರಿನ ಟ್ಯಾಂಕ್ ಪೈಪಿಗೆ ಕಟ್ಟಿದ್ರೂ ಪಟ ಅಲ್ಲೇ ನಿಂತಿತ್ತು.